ಬೇಬಾಕಿ ಕೇಳಿದರೆ ಸಿಗದು, ಅನುಮತಿ ಕೇಳಿ

ಮಳವಳ್ಳಿಯಲ್ಲಿ ಸೈಟು ಮಾರಲು ಹೊರಟವರು ಮಂಡ್ಯದ ಆದಾಯ ತೆರಿಗೆ ಕಚೇರಿಗೆ ಬರೆಯುವ ಪತ್ರ ಸಾಮಾನ್ಯವಾಗಿ ಹೀಗಿರುತ್ತದೆ: "ಮಾನ್ಯರೆ, ನನ್ನ ಸ್ವಂತ ನಿವೇಶನವನ್ನು ಮಾರಾಟ ಮಾಡಬೇಕಾಗಿರುವುದರಿಂದ ನನ್ನಿಂದ ಯಾವುದೇ ತೆರಿಗೆ ಬಾಕಿ ಇಲ್ಲವೆಂದು ಪ್ರಮಾಣಪತ್ರ ದಯಪಾಲಿಸಬೇಕಾಗಿ ಕೋರುತ್ತೇನೆ." ಕೆಳಗೆ ಸಹಿ, ಪ್ಯಾನ್ ನಂಬರು, ಮೊಬೈಲ್ ನಂಬರು. ಸೊಸೈಟಿಯಲ್ಲಿ ಬೆಳೆ ಸಾಲ ತೀರಿಸಿ ಬೇಬಾಕಿ ಪತ್ರ ಕೇಳುವವರು ಬರೆಯುವ ಒಕ್ಕಣೆಯೇ ಇದು. ಒಂದೇ ಒಂದು ತೊಡಕೆಂದರೆ ಇಲ್ಲಿ ಬಾಕಿ ಇದೆ. ಆರು ವರ್ಷದ ಹಿಂದೆ ಬಂದ ಡಿಮ್ಯಾಂಡ್ ನೋಟಿಸಿನ ಮೊತ್ತ ಅಧಿಕಾರಿಯ ಪರದೆಯ ಮೇಲೆ ಹಾಗೇ ಕೂತಿದೆ. ಅದರ ಮೇಲೆ ಅಪೀಲು ಹೋಗಿರಬಹುದು, ಅಪೀಲಿನಲ್ಲಿ ನ್ಯಾಯವೂ ಇರಬಹುದು. ಆದರೆ ಕಣ್ಣೆದುರಿಗಿರುವ ಅಂಕಿಯನ್ನು ಇಲ್ಲವೆಂದು ಬರೆದುಕೊಡಲು ಯಾವ ಅಧಿಕಾರಿಗೂ ಆಗುವುದಿಲ್ಲ. ಪತ್ರ ಫೈಲು ಸೇರುತ್ತದೆ. ಸೈಟು ಕೊಳ್ಳುವವರು ಫೋನ್ ಮಾಡುತ್ತಲೇ ಇರುತ್ತಾರೆ.

ಈ ಪತ್ರದ ತಪ್ಪು ಭಾಷೆಯಲ್ಲಿಲ್ಲ, ಕೇಳಿಕೆಯಲ್ಲಿದೆ. ಅವರು ಕೇಳುತ್ತಿರುವ ಪ್ರಮಾಣಪತ್ರವನ್ನು ಸರ್ಕಾರ ರದ್ದು ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ಆದಾಯ ತೆರಿಗೆ ಕಾಯ್ದೆಯಲ್ಲಿ 230ಎ ಎಂಬ ಸೆಕ್ಷನ್ ಇತ್ತು. ಐದು ಲಕ್ಷ ರೂಪಾಯಿಗಿಂತ ಹೆಚ್ಚಿನ ಸ್ಥಿರಾಸ್ತಿಯನ್ನು ನೋಂದಣಿ ಮಾಡಬೇಕಾದರೆ ಮಾರುವವರು 34ಎ ನಮೂನೆಯಲ್ಲಿ ಅರ್ಜಿ ಕೊಟ್ಟು ತೆರಿಗೆ ಅಧಿಕಾರಿಯಿಂದ ಸರ್ಟಿಫಿಕೇಟ್ ತರಬೇಕಿತ್ತು. ಅದಿಲ್ಲದೆ ಸಬ್‌ರಿಜಿಸ್ಟ್ರಾರು ಪತ್ರ ಮುಟ್ಟುತ್ತಿರಲಿಲ್ಲ. 2001ರ ಜೂನ್ 1ರಿಂದ ಆ ಸೆಕ್ಷನ್ ಹೋಯಿತು. ಹೆಸರು ಮಾತ್ರ ಉಳಿಯಿತು. ಇವತ್ತಿಗೂ ಹಳೆಯ ಪತ್ರ ಬರಹಗಾರರು, ಬ್ಯಾಂಕಿನ ವಕೀಲರು "ಟ್ಯಾಕ್ಸ್ ಕ್ಲಿಯರೆನ್ಸ್ ತನ್ನಿ" ಅನ್ನುತ್ತಾರೆ. ದೇಶ ಬಿಟ್ಟು ಹೋಗುವವರಿಗೆ ಸಂಬಂಧಿಸಿದ ಬೇರೊಂದು ಕ್ಲಿಯರೆನ್ಸ್ 230ನೇ ಸೆಕ್ಷನ್ನಿನಲ್ಲಿ ಇತ್ತಾದ್ದರಿಂದ ಗೊಂದಲ ಇನ್ನಷ್ಟು ಹೆಚ್ಚಿತು. ಸೈಟು ಮಾರುವವರಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ವಕೀಲರು ಕೇಳಿದ್ದು ಸುಮ್ಮನೆಯೇ? ಅಲ್ಲ. ಹೆಸರು ತಪ್ಪಾಗಿ ಹೇಳಿದರೂ ಅವರ ಭಯ ಸರಿಯಾದದ್ದು. ಆ ಭಯ 281ನೇ ಸೆಕ್ಷನ್ನಿನದು.

ತೆರಿಗೆಯ ಪ್ರಕರಣವೊಂದು ನಡೆಯುತ್ತಿರುವಾಗ, ಅಥವಾ ಮುಗಿದು ವಸೂಲಿ ನೋಟಿಸು ಬರುವ ಮೊದಲು, ಬಾಕಿದಾರ ತನ್ನ ಜಮೀನು, ಮನೆ, ಯಂತ್ರ, ಷೇರು, ಎಫ್‌ಡಿ ಇಂಥವನ್ನು ಮಾರಿದರೆ, ಅಡವಿಟ್ಟರೆ, ದಾನ ಕೊಟ್ಟರೆ, ಆ ವರ್ಗಾವಣೆ ಇಲಾಖೆಯ ಬಾಕಿಯ ಮಟ್ಟಿಗೆ ಅಸಿಂಧು ಎನ್ನುತ್ತದೆ ಆ ಸೆಕ್ಷನ್. ಮಾರಿದವರು ಮತ್ತು ಕೊಂಡವರ ನಡುವೆ ಕ್ರಯ ಸಿಂಧುವೇ, ಆದರೆ ಇಲಾಖೆಯ ಹಕ್ಕಿನ ಎದುರು ಅದು ನಿಲ್ಲದು. ತೆರಿಗೆ ಐದು ಸಾವಿರ ರೂಪಾಯಿ ಮೀರಿ, ಆಸ್ತಿ ಹತ್ತು ಸಾವಿರ ಮೀರಿದರೆ ಸಾಕು, ಈ ಸೆಕ್ಷನ್ ತಾಗುತ್ತದೆ. ಹತ್ತು ಸಾವಿರಕ್ಕೆ ಇವತ್ತು ಮಂಡ್ಯ ಜಿಲ್ಲೆಯಲ್ಲಿ ಒಂದು ಮೆಟ್ಟಿಲಿನಷ್ಟು ಜಾಗವೂ ಬರುವುದಿಲ್ಲ, ಅಂದರೆ ಎಲ್ಲ ಆಸ್ತಿಯೂ ಇದರೊಳಗೇ. ಹೊರಗಿರುವುದು ವ್ಯಾಪಾರದ ಸರಕು ಮಾತ್ರ. ಬಡಾವಣೆ ಮಾಡಿ ಸೈಟು ಮಾರುವುದೇ ಕಸುಬಾದವರಿಗೆ ಸೈಟೇ ಸರಕು, ಅವರ ಮಾತು ಬೇರೆ.

ತಪ್ಪಿಸಿಕೊಳ್ಳಲು ಸೆಕ್ಷನ್ನಿನಲ್ಲೇ ಎರಡು ಬಾಗಿಲುಗಳಿವೆ. ಮೊದಲನೆಯದು, ಸರಿಯಾದ ಬೆಲೆ ಕೊಟ್ಟು, ಬಾಕಿಯ ವಿಷಯವಾಗಲಿ ಪ್ರಕರಣದ ವಿಷಯವಾಗಲಿ ಗೊತ್ತಿಲ್ಲದೆ ಕೊಂಡಿದ್ದರೆ ಕೊಂಡವರು ಬಚಾವು. ಎರಡನೆಯದು, ಮಾರುವ ಮೊದಲೇ ತೆರಿಗೆ ಅಧಿಕಾರಿಯ ಅನುಮತಿ ಪಡೆದಿದ್ದರೆ ಬಚಾವು.

ಇಲ್ಲೊಂದು ವಿಚಿತ್ರ ಇಕ್ಕಟ್ಟಿದೆ. 281ರ ನೆರಳು ಋಣಭಾರ ಪತ್ರದಲ್ಲಿ ಕಾಣುವುದಿಲ್ಲ. ಮೂವತ್ತು ವರ್ಷದ ಇಸಿ ತೆಗೆಸಿದರೂ, ಪಹಣಿಯ ಹನ್ನೊಂದನೇ ಕಲಂ ನೋಡಿದರೂ, ಜಪ್ತಿ ಆಗುವವರೆಗೆ ಅಲ್ಲಿ ಏನೂ ಬರೆದಿರುವುದಿಲ್ಲ. ಕೊಳ್ಳುವವರಿಗೆ ಗೊತ್ತಾಗುವುದು ಮಾರುವವರು ಬಾಯಿ ಬಿಟ್ಟರೆ ಮಾತ್ರ. ಆದರೆ ಬಾಯಿ ಬಿಟ್ಟ ಕ್ಷಣವೇ ಕೊಳ್ಳುವವರ ಪಾಲಿಗೆ ಮೊದಲ ಬಾಗಿಲು ಮುಚ್ಚುತ್ತದೆ, ಏಕೆಂದರೆ ಅವರಿಗೀಗ ಗೊತ್ತಾಗಿದೆ! ಪ್ರಾಮಾಣಿಕವಾಗಿ ಹೇಳಿದವರಿಗೆ ಉಳಿಯುವುದು ಎರಡನೆಯ ಬಾಗಿಲೊಂದೇ. ಹೇಳದೆ ಮಾರುವ ಉಪಾಯವೂ ಈಗ ಅಷ್ಟು ಸುಲಭವಲ್ಲ. ಬ್ಯಾಂಕ್ ಸಾಲದಲ್ಲಿ ಕೊಳ್ಳುವವರಾದರೆ ಬ್ಯಾಂಕು ಮಾರುವವರಿಂದಲೂ ಘೋಷಣೆ ಬರೆಸಿಕೊಳ್ಳಬಹುದು. ಸುಳ್ಳು ಘೋಷಣೆಗೆ ಸಹಿ ಹಾಕುವುದೆಂದರೆ ಸಿವಿಲ್ ತಂಟೆಯನ್ನು ಕ್ರಿಮಿನಲ್ ತಂಟೆ ಮಾಡಿಕೊಂಡಂತೆ.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ವ್ಯಕ್ತಿ ಕಲ್ಪಿತ, ಲೆಕ್ಕ ನಿಜವಾದದ್ದು. ಮದ್ದೂರು ತಾಲ್ಲೂಕಿನ ಒಬ್ಬ ಆಲೆಮನೆ ಯಜಮಾನರು. ಈ ಸೀಮೆಯಲ್ಲಿ ಕಬ್ಬು ಕಾರ್ಖಾನೆಗೆ ಹೋದರೆ ದುಡ್ಡು ಬ್ಯಾಂಕಿಗೆ ಬರುತ್ತದೆ, ತಡವಾಗಿಯಾದರೂ. ಆಲೆಮನೆಗೆ ಹೋದರೆ ಬೆಲ್ಲವಾಗಿ ಮಂಡ್ಯದ ಮಂಡಿಗೆ ಹೋಗಿ ಕೈಗೇ ನೋಟು ಬರುತ್ತದೆ. ಯಜಮಾನರ ಮನೆಯಲ್ಲಿ ಹಾಗೆ ಕೂಡಿದ್ದ 11 ಲಕ್ಷ ರೂಪಾಯಿಯ ಹಳೇ ನೋಟನ್ನು 2016ರ ನವೆಂಬರಿನಲ್ಲಿ, ನೋಟು ರದ್ದಾದಾಗ, ಖಾತೆಗೆ ಕಟ್ಟಿದರು. ಇಲಾಖೆ ಮೂಲ ಕೇಳಿತು. ಅರ್ಧಕ್ಕೆ ಮಂಡಿ ಚೀಟಿ ಇತ್ತು, ಅರ್ಧಕ್ಕೆ ಇರಲಿಲ್ಲ. ಇದ್ದ ಚೀಟಿಯನ್ನೂ ಕೊನೇ ಗಳಿಗೆಯಲ್ಲಿ ಕೊಟ್ಟಿದ್ದರಿಂದ 2019ರ ಡಿಸೆಂಬರಿನಲ್ಲಿ ಪೂರ್ತಿ 11 ಲಕ್ಷವೂ ವಿವರಣೆಯಿಲ್ಲದ ಹಣವೆಂದು ಆದೇಶವಾಯಿತು.

ಇಂಥ ಹಣಕ್ಕೆ ಆ ವರ್ಷದ ತೆರಿಗೆ ಶೇ 60. ಅದರ ಮೇಲೆ ಶೇ 25 ಸರ್‌ಚಾರ್ಜು, ಎರಡರ ಮೇಲೂ ಶೇ 3 ಸೆಸ್ಸು. ಎಲ್ಲ ಸೇರಿ 8,49,750 ರೂಪಾಯಿ. ಮುಂಗಡ ತೆರಿಗೆ ಕಟ್ಟಿಲ್ಲವೆಂದು 2017ರ ಏಪ್ರಿಲಿನಿಂದ ಆದೇಶದ ತಿಂಗಳವರೆಗೆ 33 ತಿಂಗಳ ಬಡ್ಡಿ, ತಿಂಗಳಿಗೆ ಶೇ 1ರಂತೆ. ಡಿಮ್ಯಾಂಡ್ ನೋಟಿಸಿನಲ್ಲಿ ಬಂದ ಒಟ್ಟು ಮೊತ್ತ 11,30,150. ಹನ್ನೊಂದು ಲಕ್ಷ ಕಟ್ಟಿದ್ದಕ್ಕೆ ಹನ್ನೊಂದು ಲಕ್ಷಕ್ಕೂ ಮೀರಿದ ತೆರಿಗೆಯೇ ಎಂದು ಯಜಮಾನರು ಇವತ್ತಿಗೂ ನಂಬುವುದಿಲ್ಲ. ಆದರೆ ಕೂಡಿ ನೋಡಿದರೆ ಅಂಕಿ ಅಷ್ಟೇ ಬರುತ್ತದೆ.

ಅಪೀಲು ಹಾಕಿದರು. ಅಪೀಲು ಹಾಕಿದ ಮಾತ್ರಕ್ಕೆ ವಸೂಲಿ ನಿಲ್ಲುವುದಿಲ್ಲ, ಅದಕ್ಕೆ ಬೇರೆ ಅರ್ಜಿ ಕೊಟ್ಟು ತಡೆಯಾಜ್ಞೆ ಪಡೆಯಬೇಕು. 2017ರ ಜುಲೈ 31ರ ಮಂಡಳಿ ಸೂಚನೆಯಂತೆ ಸಾಮಾನ್ಯವಾಗಿ ಶೇ 20 ಕಟ್ಟಿದರೆ ಮೊದಲ ಅಪೀಲು ಮುಗಿಯುವವರೆಗೆ ಉಳಿದದ್ದಕ್ಕೆ ತಡೆ ಸಿಗುತ್ತದೆ. ಯಜಮಾನರು 2,26,030 ಕಟ್ಟಿ ಚಲನ್ ಇಟ್ಟುಕೊಂಡರು. ಉಳಿದದ್ದು 9,04,120. ಅಪೀಲುಗಳೆಲ್ಲ 2020ರ ಸೆಪ್ಟೆಂಬರಿನಲ್ಲಿ ಮುಖರಹಿತ ವ್ಯವಸ್ಥೆಗೆ ಹೋದವು. ಯಜಮಾನರ ಅಪೀಲೂ ಅಲ್ಲಿ ಹೋಗಿ ಕೂತಿತು. ವಿವಾದ ತೀರಿಸುವ ಯೋಜನೆಗಳು 2020ರಲ್ಲೊಮ್ಮೆ, 2024ರಲ್ಲೊಮ್ಮೆ ಬಂದು ಹೋದವು. ಎರಡೂ ಸಲ ಯಜಮಾನರು "ಗೆಲ್ಲೋ ಕೇಸಿಗೆ ಯಾಕಪ್ಪ ಕಟ್ಟೋದು" ಎಂದು ಸುಮ್ಮನಿದ್ದರು. ಅದು ಅವರ ಲೆಕ್ಕ, ತಪ್ಪೆಂದು ಹೇಳಲಾರೆ. ಆದರೆ ತಡೆಯಾಜ್ಞೆ ನಿಲ್ಲಿಸುವುದು ವಸೂಲಿಯನ್ನೇ ಹೊರತು ಬಡ್ಡಿಯನ್ನಲ್ಲ. ಉಳಿದ ಬಾಕಿಯ ಮೇಲೆ ತಿಂಗಳಿಗೆ ಶೇ 1ರಂತೆ 9,041 ರೂಪಾಯಿ ಏರುತ್ತಲೇ ಇದೆ. 2020ರ ಫೆಬ್ರವರಿಯಿಂದ 2026ರ ಜನವರಿಯವರೆಗೆ 72 ತಿಂಗಳಿಗೆ ಸುಮಾರು 6.51 ಲಕ್ಷ. ಹಾಗಾಗಿ ಪತ್ರ ಬರೆಯುವ ದಿನ ಇಲಾಖೆಯ ಹಕ್ಕಿನ ಬಾಬ್ತು 9 ಲಕ್ಷವಲ್ಲ, ಸುಮಾರು 15.55 ಲಕ್ಷ.

ಹೆಚ್ಚಿನ ಪತ್ರಗಳು ಎಡವುವುದು ಈ ಅಂಕಿಯಲ್ಲೇ. ಪೋರ್ಟಲ್‌ನಲ್ಲಿ `Response to Outstanding Demand` ತೆರೆದರೆ ಮೂಲ ಮೊತ್ತವೂ ಬಡ್ಡಿಯೂ ಬೇರೆಬೇರೆ ತೋರುತ್ತವೆ. ಬರೆಯುವವರು ಮೂಲ ಮೊತ್ತವನ್ನಷ್ಟೇ ಬರೆಯುತ್ತಾರೆ. ಅಧಿಕಾರಿ ತಮ್ಮ ಪರದೆಯಲ್ಲಿ ಬೇರೆ ಅಂಕಿ ನೋಡುತ್ತಾರೆ. ಅಲ್ಲಿಂದಾಚೆಗೆ ಪತ್ರದಲ್ಲಿರುವ ಉಳಿದ ಮಾತನ್ನೂ ಅನುಮಾನದಿಂದಲೇ ಓದುತ್ತಾರೆ. (ಇದೇ ಪುಟ ನೋಡುವಾಗ ಇನ್ನೊಂದನ್ನೂ ಗಮನಿಸಿ. 2010-11ರವರೆಗಿನ ಅಸೆಸ್‌ಮೆಂಟ್ ವರ್ಷಗಳ 25 ಸಾವಿರದವರೆಗಿನ ಮತ್ತು 2011-12ರಿಂದ 2015-16ರವರೆಗಿನ 10 ಸಾವಿರದವರೆಗಿನ ಸಣ್ಣ ಬಾಕಿಗಳನ್ನು 2024ರಲ್ಲಿ ಸರ್ಕಾರ ಒಬ್ಬರಿಗೆ ಒಟ್ಟು ಒಂದು ಲಕ್ಷದ ಮಿತಿಯೊಳಗೆ ಕೈಬಿಟ್ಟಿದೆ. ನಿಮ್ಮ "ಹಳೇ ಡಿಮ್ಯಾಂಡ್" ಅಂಥದ್ದೇ ಆಗಿದ್ದರೆ ಈ ಲೇಖನ ಮಡಚಿಡಬಹುದು.)

ಈಗ ಮಾರಾಟ. ಯಜಮಾನರು 2009ರಲ್ಲಿ 3 ಲಕ್ಷಕ್ಕೆ ಕೊಂಡಿದ್ದ ಮಳವಳ್ಳಿ ಪಟ್ಟಣದ 30-40ರ ಸೈಟನ್ನು 24 ಲಕ್ಷಕ್ಕೆ ಮಾತಾಡಿದ್ದಾರೆ. ಕೊಳ್ಳುವವರು ಶಾಲಾ ಶಿಕ್ಷಕಿ, ಬ್ಯಾಂಕ್ ಸಾಲ ಆಗಬೇಕು. ಬ್ಯಾಂಕಿನ ವಕೀಲರು ಟ್ಯಾಕ್ಸ್ ಕ್ಲಿಯರೆನ್ಸ್ ಕೇಳಿದರು. ಯಜಮಾನರು ಮೇಲೆ ಹೇಳಿದ ಬೇಬಾಕಿ ಪತ್ರ ಬರೆದರು. ಉತ್ತರ ಬರಲಿಲ್ಲ.

ಸರಿಯಾದ ಪತ್ರ ಬರೆಯುವ ಮೊದಲು ಅದನ್ನು ಯಾರಿಗೆ ಬರೆಯಬೇಕೆಂದು ತಿಳಿಯಬೇಕು. ಆದೇಶ ಎಲ್ಲಿಂದಲೇ ಬಂದಿರಲಿ, ಅಪೀಲು ಎಲ್ಲೇ ಇರಲಿ, ಅನುಮತಿ ಕೊಡುವವರು ನಿಮ್ಮ ಪ್ಯಾನ್ ಯಾರ ವ್ಯಾಪ್ತಿಯಲ್ಲಿದೆಯೋ ಆ ಅಧಿಕಾರಿ. ಪೋರ್ಟಲ್‌ನಲ್ಲಿ `Know Your AO` ಒತ್ತಿದರೆ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾಗ ಪ್ಯಾನ್ ಮಾಡಿಸಿ ಊರಿಗೆ ಮರಳಿದವರ ಕಡತ ಇನ್ನೂ ಬೆಂಗಳೂರಿನಲ್ಲೇ ಇರುವುದುಂಟು. ಅಂಥವರು ಮಂಡ್ಯಕ್ಕೆ ಬರೆದು ಎರಡು ತಿಂಗಳು ಕಾದು ಪ್ರಯೋಜನವಿಲ್ಲ. ಇನ್ನೂ ಮುಖ್ಯವಾದ ಪ್ರಶ್ನೆ, ಬಾಕಿ ತೆರಿಗೆ ವಸೂಲಾತಿ ಅಧಿಕಾರಿಗೆ ಹೋಗಿದೆಯೇ? ಎರಡನೇ ಪರಿಶಿಷ್ಟದ ನಿಯಮ 2ರ ನೋಟಿಸು, ಅಂದರೆ ಐಟಿಸಿಪಿ 1 ಎಂಬ ನಮೂನೆ, ನಿಮ್ಮ ಕೈಗೆ ಬಂದಿದ್ದರೆ ವಿಷಯವೇ ಬೇರೆ. ಅಲ್ಲಿಂದಾಚೆಗೆ ಆಸ್ತಿಯನ್ನು ಮಾರಲು, ಅಡವಿಡಲು, ಗುತ್ತಿಗೆ ಕೊಡಲು ವಸೂಲಾತಿ ಅಧಿಕಾರಿಯ ಅನುಮತಿಯೇ ಬೇಕು. ಬೇರೆಯವರು ಕೊಟ್ಟ ಒಪ್ಪಿಗೆ ಸಾಲದು. ಮನೆಯ ಹಳೇ ಟ್ರಂಕಿನಲ್ಲಿ ಒಡೆಯದೆ ಇಟ್ಟ ರಿಜಿಸ್ಟರ್ಡ್ ಲಕೋಟೆ ಇದ್ದರೆ ಒಡೆದು ನೋಡಿ. ಯಜಮಾನರಿಗೆ ಅಂಥದ್ದು ಬಂದಿರಲಿಲ್ಲ.

ಪತ್ರವನ್ನು ಓದುವ ಅಧಿಕಾರಿಯ ಮನಸ್ಸಿನಲ್ಲಿರುವುದು ಒಂದೇ ಪ್ರಶ್ನೆ. "ಇದನ್ನು ಮಾರಿದ ಮೇಲೆ, ನಾಳೆ ಅಪೀಲು ಇವರ ವಿರುದ್ಧ ಹೋದರೆ, ನಾನು 15.55 ಲಕ್ಷವನ್ನು ಎಲ್ಲಿಂದ ತೆಗೆಯಲಿ?" ಪತ್ರ ಆ ಪ್ರಶ್ನೆಗೆ ಉತ್ತರವಾಗಿರಬೇಕು. ಮಗಳ ಮದುವೆ, ಆಲೆಮನೆಯ ಸಾಲ, ಮಂಡಿ ಚೀಟಿಯ ಸತ್ಯ, ಇವೆಲ್ಲ ಬೇರೆ ಕಡೆ ಹೇಳಬೇಕಾದವು. ಅಪೀಲಿನ ವಾದವನ್ನು ಈ ಪತ್ರದಲ್ಲಿ ಎರಡು ಪುಟ ಬರೆದು ಅಧಿಕಾರಿಯ ಜೊತೆ ಜಗಳ ಹಚ್ಚಿಕೊಳ್ಳುವವರನ್ನು ನೋಡಿದರೆ ನನಗೆ ಅಯ್ಯೋ ಅನ್ನಿಸುತ್ತದೆ. ಆ ಬಾಕಿ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಈ ಕುರ್ಚಿಯ ಕೆಲಸವಲ್ಲ.

ಉಳಿದ ಆಸ್ತಿ ತೋರಿಸುವಾಗ ಯಜಮಾನರು ಮೊದಲ ಕರಡಿನಲ್ಲಿ "ಮದ್ದೂರು ತಾಲ್ಲೂಕಿನಲ್ಲಿ 2 ಎಕರೆ 20 ಗುಂಟೆ ಗದ್ದೆ" ಎಂದು ಬರೆದರು. ಅವರ ಆಡಿಟರು ಪಹಣಿ ಕೇಳಿದರು. ಅದರಲ್ಲಿ 1 ಎಕರೆ 10 ಗುಂಟೆ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇತ್ತು. ಪೌತಿ ಖಾತೆ ಆಗಿಲ್ಲ, ತಮ್ಮ ಮತ್ತು ಅಕ್ಕ ಪಾಲು ಕೇಳಿಲ್ಲ, ಆದರೆ ಕೇಳಬಹುದು. ಉತ್ತರದ ಕಾಗದದಲ್ಲಿ ಅಧಿಕಾರಿ ತೋರಿಸುವ ಮೊದಲ ತೂತು ಇದೇ ಆಗುತ್ತಿತ್ತು. ಉಳಿದ 1 ಎಕರೆ 10 ಗುಂಟೆ ಅವರದೇ ಹೆಸರಿನಲ್ಲಿದೆ. ಆದರೆ ಹನ್ನೊಂದನೇ ಕಲಂನಲ್ಲಿ ಸೊಸೈಟಿಯ 2 ಲಕ್ಷದ ಬೆಳೆ ಸಾಲ ಇದೆ. ಮಾರ್ಗಸೂಚಿ ಬೆಲೆ 18 ಲಕ್ಷವೆಂದು ಹಿಡಿದರೆ ಸಾಲ ಕಳೆದು 16 ಲಕ್ಷ. ಇದು ಭದ್ರತೆಯೆಂದು ತೋರಿಸಲು ಆಗುವ ಆಸ್ತಿ. ತಂದೆಯ ಹೆಸರಿನ ಜಮೀನನ್ನು ಪತ್ರದಿಂದ ತೆಗೆದುಹಾಕಿದರು.

ಆದರೂ ಜಮೀನೊಂದೇ ಸಾಲದೆಂದು ಆಡಿಟರು ಹೇಳಿದರು, ನನ್ನ ಅಭಿಪ್ರಾಯವೂ ಅದೇ. ಗದ್ದೆಯನ್ನು ಹರಾಜು ಹಾಕುವುದು ಯಾವ ಅಧಿಕಾರಿಗೂ ಬೇಡದ ಕೆಲಸ. ನಗದಿನ ಭದ್ರತೆ ಸ್ವಲ್ಪವಾದರೂ ಇದ್ದರೆ ಕಡತ ಮುಂದೆ ಹೋಗುತ್ತದೆ. ಇಲ್ಲಿ ದಾರಿ ಎರಡು. ಕ್ರಯದ ಹಣದಿಂದ ಬಾಕಿಯ 9,04,120ನ್ನು ಚಲನ್ ಮೂಲಕ ಈಗಲೇ ಕಟ್ಟಿಬಿಡಬಹುದು. ಆಗ ತಿಂಗಳ 9,041ರ ಬಡ್ಡಿ ನಿಲ್ಲುತ್ತದೆ, ಗೆದ್ದರೆ ಮರುಪಾವತಿಯ ಜೊತೆಗೆ ತಿಂಗಳಿಗೆ ಶೇ ಅರ್ಧದ ಬಡ್ಡಿ ಬರುತ್ತದೆ. ಅಥವಾ ಅಷ್ಟೇ ಹಣವನ್ನು ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟು ಇಲಾಖೆಯ ಹೆಸರಿಗೆ ಲೀನ್ ಬರೆಸಬಹುದು. ಗೆದ್ದರೆ ಅಸಲೂ ಬಡ್ಡಿಯೂ ನಿಮ್ಮದೇ. ಸೋತರೆ ವರ್ಷಕ್ಕೆ ಶೇ 12 ಏರಿದ್ದನ್ನೂ ಕಟ್ಟಬೇಕು, ಎಫ್‌ಡಿಯ ಬಡ್ಡಿ ಅದರ ಅರ್ಧದ ಹತ್ತಿರವಷ್ಟೇ ಬಂದಿರುತ್ತದೆ. ಹಾಗಾಗಿ ಇದು ನಿಮ್ಮ ಅಪೀಲಿನ ಬಲದ ಮೇಲೆ ನಿಂತ ಲೆಕ್ಕ. ಅರ್ಧಕ್ಕೆ ಮಾತ್ರ ಚೀಟಿ ಇರುವ ಯಜಮಾನರಂಥವರು ಅರ್ಧ ಕಟ್ಟಿ ಅರ್ಧ ಎಫ್‌ಡಿ ಇಡುವುದು ಜಾಣತನ ಎಂದು ನನಗೆ ಕಾಣುತ್ತದೆ. ಯಜಮಾನರು ಒಪ್ಪಲಿಲ್ಲ, ಪೂರ್ತಿ ಎಫ್‌ಡಿಗೇ ಹೋದರು.

ಪತ್ರ ಕೊನೆಗೆ ಹೀಗಾಯಿತು. ಆಡಿಟರು ಇಂಗ್ಲಿಷಿನಲ್ಲಿ ಟೈಪು ಮಾಡಿದ್ದನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ. ಸಹಿ ಹಾಕುವವರಿಗೆ ತಾವು ಏನು ಬರೆದುಕೊಟ್ಟೆವೆಂದು ಗೊತ್ತಿರಲಿ:

"ಆದಾಯ ತೆರಿಗೆ ಅಧಿಕಾರಿಗಳು, ಮಂಡ್ಯ, ಇವರಿಗೆ.

ವಿಷಯ: 1961ರ ಆದಾಯ ತೆರಿಗೆ ಕಾಯ್ದೆಯ 281ನೇ ಸೆಕ್ಷನ್ ಪ್ರಕಾರ ನಿವೇಶನ ಮಾರಾಟಕ್ಕೆ ಪೂರ್ವಾನುಮತಿ ಕೋರಿಕೆ, 2017-18ನೇ ಅಸೆಸ್‌ಮೆಂಟ್ ವರ್ಷದ ವಿವಾದಿತ ಬಾಕಿ.

ಮೇಲಿನ ವರ್ಷಕ್ಕೆ ನನ್ನ ಮೇಲೆ 11,30,150 ರೂ. ಡಿಮ್ಯಾಂಡ್ ಇದೆ. ಇದರ ವಿರುದ್ಧ ಮೇಲ್ಮನವಿ ಬಾಕಿಯಿದ್ದು ಸ್ವೀಕೃತಿ ಲಗತ್ತಿಸಿದೆ. 2,26,030 ರೂ. ಪಾವತಿಸಿದ್ದು ಉಳಿದ 9,04,120 ರೂ.ಗೆ ತಡೆಯಾಜ್ಞೆ ಇದೆ. ತಮ್ಮ ದಾಖಲೆಗೆ ಒಳಪಟ್ಟು, ಬಡ್ಡಿ ಸೇರಿ ಇಂದಿನ ಬಾಕಿ ಸುಮಾರು 15.55 ಲಕ್ಷ ರೂ. ವಸೂಲಾತಿ ಅಧಿಕಾರಿಯಿಂದ ಯಾವ ನೋಟಿಸೂ ನನಗೆ ಜಾರಿಯಾಗಿಲ್ಲ.

ಮಳವಳ್ಳಿ ಪಟ್ಟಣದ ನಿವೇಶನವನ್ನು (ಇ-ಖಾತಾ, ಚಕ್ಕುಬಂದಿ ಲಗತ್ತು) 24 ಲಕ್ಷ ರೂ.ಗೆ ಮಾರಲು ಕರಾರಾಗಿದೆ. ಖರೀದಿದಾರರು ನನ್ನ ಸಂಬಂಧಿಕರಲ್ಲ. ಪೂರ್ಣ ಹಣ ಬ್ಯಾಂಕ್ ಮೂಲಕ ಬರುತ್ತದೆ. ಈ ಮಾರಾಟದ ಬಂಡವಾಳ ಲಾಭದ ಮೇಲೆ ಅಂದಾಜು 2.73 ಲಕ್ಷ ರೂ. ತೆರಿಗೆಯನ್ನು ಮುಂಗಡವಾಗಿ ಕಟ್ಟುತ್ತೇನೆ.

ಇಲಾಖೆಯ ಹಿತಕ್ಕೆ: ಕ್ರಯದ ಹಣದಲ್ಲಿ 9,05,000 ರೂ.ಗಳನ್ನು ತಮ್ಮ ಲೀನ್‌ಗೆ ಒಳಪಟ್ಟ ಠೇವಣಿಯಾಗಿ ಇಡುತ್ತೇನೆ. ಮದ್ದೂರು ತಾಲ್ಲೂಕಿನ ನನ್ನ ಹೆಸರಿನ 1 ಎಕರೆ 10 ಗುಂಟೆಯನ್ನು ಮೇಲ್ಮನವಿ ತೀರುವವರೆಗೆ ತಮ್ಮ ಅನುಮತಿಯಿಲ್ಲದೆ ಪರಭಾರೆ ಮಾಡುವುದಿಲ್ಲವೆಂದು ಮುಚ್ಚಳಿಕೆ ಕೊಡುತ್ತೇನೆ. ಆದ್ದರಿಂದ ಈ ಒಂದು ನಿವೇಶನದ ಮಾರಾಟಕ್ಕೆ ಅನುಮತಿ ನೀಡಬೇಕಾಗಿ ಕೋರುತ್ತೇನೆ."

ಈ ಪತ್ರದಲ್ಲಿ ಬಾಕಿ ಇಲ್ಲವೆಂಬ ಮಾತು ಎಲ್ಲಿಯೂ ಇಲ್ಲ. ಬಾಕಿ ಇಷ್ಟಿದೆ, ವಿವಾದದಲ್ಲಿದೆ, ಅದಕ್ಕೆ ಇಷ್ಟು ಆಧಾರವಿದೆ, ಆದ್ದರಿಂದ ಇದೊಂದನ್ನು ಬಿಡಿ, ಇಷ್ಟೇ. "ಈ ಒಂದು ನಿವೇಶನ" ಎಂಬುದೂ ಬೇಕೆಂದೇ ಬರೆದದ್ದು. ಎಲ್ಲ ಆಸ್ತಿಗೂ ಸಾರಾಸಗಟು ಅನುಮತಿ ಕೇಳಿದರೆ ಯಾರೂ ಕೊಡುವುದಿಲ್ಲ. ಬಂಡವಾಳ ಲಾಭದ ಸಾಲು ಯಾಕೆಂದರೆ ಇದ್ದ ಬಾಕಿಯ ಜೊತೆಗೆ ಮುಂದೆ ಬರಬಹುದಾದ ಬಾಕಿಯನ್ನೂ ಅಧಿಕಾರಿ ಲೆಕ್ಕ ಹಾಕುತ್ತಾರೆ. 21 ಲಕ್ಷ ಲಾಭಕ್ಕೆ ಶೇ 12.5ರ ತೆರಿಗೆ, ಶೇ 4 ಸೆಸ್ಸು ಸೇರಿ ಹೆಚ್ಚೆಂದರೆ 2.73 ಲಕ್ಷ. ಅವರು ಕೇಳುವ ಮೊದಲೇ ಹೇಳಿದ್ದು ಒಳ್ಳೆಯದಾಯಿತು.

ಸೈಟಿನ ಬದಲು ಹಳ್ಳಿಯ ಜಮೀನಾಗಿದ್ದರೆ ಈ ಲಾಭದ ತೆರಿಗೆ ಇರುತ್ತಿರಲಿಲ್ಲ. ಮದ್ದೂರು, ಮಳವಳ್ಳಿಯಂಥ ಹತ್ತು ಸಾವಿರ ದಾಟಿದ, ಲಕ್ಷ ದಾಟದ ಪಟ್ಟಣಗಳ ಎಲ್ಲೆಯಿಂದ 2 ಕಿಲೋಮೀಟರ್ ಆಚೆ, ಲಕ್ಷ ದಾಟಿರುವ ಮಂಡ್ಯ ನಗರದ ಎಲ್ಲೆಯಿಂದ 6 ಕಿಲೋಮೀಟರ್ ಆಚೆ ಇರುವ ಸಾಗುವಳಿ ಜಮೀನು ಆ ತೆರಿಗೆಗೆ ಸಿಗುವುದಿಲ್ಲ. ಇದನ್ನೇ ಹಿಡಿದು "ಗದ್ದೆ ಮಾರೋಕೆ ಇನ್‌ಕಂ ಟ್ಯಾಕ್ಸ್‌ನೋರನ್ನ ಏನು ಕೇಳೋದು" ಅನ್ನುತ್ತಾರೆ. ಲಾಭಕ್ಕೆ ತೆರಿಗೆ ಇಲ್ಲ ಎನ್ನುವುದು ಒಂದು ಮಾತು, ಹಳೇ ಬಾಕಿಗೆ ಆ ಜಮೀನು ಆಧಾರ ಎನ್ನುವುದು ಇನ್ನೊಂದು. 281ರಲ್ಲಿ ಜಮೀನು ಎಂದಷ್ಟೇ ಇದೆ, ಊರಿನಿಂದ ಎಷ್ಟು ದೂರ ಎಂದಿಲ್ಲ.

ಪತ್ರದ 24 ಲಕ್ಷ, ಕರಾರಿನ 24 ಲಕ್ಷ, ಕ್ರಯಪತ್ರದ 24 ಲಕ್ಷ ಒಂದೇ ಆಗಿರಬೇಕು. ಮಾರ್ಗಸೂಚಿ ಬೆಲೆಗೆ ಪತ್ರ ಮಾಡಿ ಉಳಿದದ್ದನ್ನು ಕೈಗೆ ಕೊಡುವ ನಮ್ಮ ಕಡೆಯ ಚಾಳಿ ಇಲ್ಲಿ ಎರಡೂ ಬಾಗಿಲನ್ನು ಮುಚ್ಚುತ್ತದೆ. ಕಡಿಮೆ ಬೆಲೆ ಬರೆದರೆ "ಸರಿಯಾದ ಬೆಲೆ" ಅಲ್ಲವಾಯಿತು, ಅಧಿಕಾರಿಗೆ ಹೇಳಿದ ಬೆಲೆಯೂ ಸುಳ್ಳಾಯಿತು. ಮುಂಗಡವನ್ನೂ ನಗದಾಗಿ ತೆಗೆದುಕೊಳ್ಳುವಂತಿಲ್ಲ. 2015ರ ಜೂನ್ 1ರಿಂದ ಸ್ಥಿರಾಸ್ತಿಗೆ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ. ಅನುಮತಿ ಕೇಳುವ ಪತ್ರಕ್ಕೆ ಕರಾರನ್ನು ಲಗತ್ತಿಸುವವರು ಅದರೊಳಗೆ "ನಗದಾಗಿ ಎರಡು ಲಕ್ಷ" ಎಂದಿದೆಯೇ ಎಂದು ಮೊದಲು ಓದಿಕೊಳ್ಳಲಿ.

ದಾನಪತ್ರದ ಉಪಾಯವೂ ಉಂಟು. ಮಗನ ಹೆಸರಿಗೆ ಮಾಡಿಬಿಟ್ಟರೆ ಮುಗಿಯಿತಲ್ಲ ಎಂದು. ಮುಗಿಯುವುದಿಲ್ಲ. ದಾನದಲ್ಲಿ ಬೆಲೆಯೇ ಇಲ್ಲದ್ದರಿಂದ ಮೊದಲ ಬಾಗಿಲಿನಿಂದ ಹೊರಹೋಗುವ ಮಾತೇ ಇಲ್ಲ.

ಸಮಯದ ಲೆಕ್ಕ. 2011ರ ಜುಲೈ 19ರ ಮಂಡಳಿ ಸುತ್ತೋಲೆಯೊಂದು ಅನುಮತಿಯ ರೀತಿಯನ್ನು ಹೇಳುತ್ತದೆ. ಅದು ಮುಖ್ಯವಾಗಿ ವ್ಯವಹಾರದ ಆಸ್ತಿಯ ಮೇಲೆ ಸಾಲಕ್ಕೆ ಹೊರೆ ಹಾಕುವುದರ ಬಗ್ಗೆ ಇದ್ದರೂ ಮಾರಾಟದ ಅರ್ಜಿಗಳಿಗೂ ಅದನ್ನೇ ಮಾದರಿಯಾಗಿ ಹಿಡಿಯುವುದು ವಾಡಿಕೆ. ವ್ಯವಹಾರಕ್ಕೆ 30 ದಿನ ಮುಂಚೆ ಅರ್ಜಿ ಕೊಡಬೇಕು, ಕೊಟ್ಟ ಅನುಮತಿ 180 ದಿನ ನಡೆಯುತ್ತದೆ. ಆದ್ದರಿಂದ ಕರಾರು ಬರೆಯುವಾಗಲೇ "ತೆರಿಗೆ ಅಧಿಕಾರಿಯ ಅನುಮತಿ ಬಂದ ಮೇಲೆ ಕ್ರಯ, ಬಾರದಿದ್ದರೆ ಮುಂಗಡ ವಾಪಸು" ಎಂಬ ಸಾಲು ಸೇರಿಸಿ. ಈ ಸಾಲಿಲ್ಲದೆ ಮೂರು ತಿಂಗಳ ಗಡುವಿಗೆ ಸಹಿ ಹಾಕಿದವರು ಅತ್ತ ಅಧಿಕಾರಿಗೂ ಇತ್ತ ಖರೀದಿದಾರರಿಗೂ ಉತ್ತರ ಹೇಳುತ್ತಾ ಓಡಾಡುತ್ತಾರೆ. ಪತ್ರ ಕೊಟ್ಟಾಗ ಟಪಾಲು ಸೀಲು ಹಾಕಿಸಿಕೊಂಡ ಪ್ರತಿ ಕೈಯಲ್ಲಿರಲಿ. ಉತ್ತರವೇ ಬಾರದೆ ಹೈಕೋರ್ಟಿಗೆ ಹೋಗಬೇಕಾಗಿ ಬಂದರೆ ಮೊದಲ ದಾಖಲೆ ಅದೇ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಹಳೇ ವರ್ಷದ ಪ್ರಕರಣಗಳು ಹಳೇ ಕಾಯ್ದೆಯಲ್ಲೇ ಮುಂದುವರಿಯುತ್ತವೆ. ಅಲ್ಲಿಂದಾಚೆಗೆ ಬರೆಯುವವರು 281ರ ಜೊತೆಗೆ "ಹೊಸ ಕಾಯ್ದೆಯ ತತ್ಸಮಾನ ಕಲಂ" ಎಂದೂ ಸೇರಿಸಿದರೆ ತಕರಾರಿಗೆ ಜಾಗವಿರುವುದಿಲ್ಲ.

ಅನುಮತಿಯಿಲ್ಲದೆ ಮಾರಿದವರಿಗೆ ಏನಾಗುತ್ತದೆ ಎಂದು ಕೇಳುವವರಿಗೆ 1998ರ ಸುಪ್ರೀಂ ಕೋರ್ಟ್ ತೀರ್ಪೊಂದಿದೆ. ನಾಗಪುರದ ವಸೂಲಾತಿ ಅಧಿಕಾರಿ ಮತ್ತು ಗಂಗಾಧರ ವಿಶ್ವನಾಥ ರಾನಡೆ ನಡುವಣ ಪ್ರಕರಣ. ವರ್ಗಾವಣೆ ಅಸಿಂಧು ಎಂದು ವಸೂಲಾತಿ ಅಧಿಕಾರಿ ತಾನೇ ಘೋಷಿಸುವಂತಿಲ್ಲ, ಇಲಾಖೆ ಸಿವಿಲ್ ದಾವಾ ಹೂಡಿ ಘೋಷಣೆ ಪಡೆಯಬೇಕು ಎಂದಿತು ನ್ಯಾಯಾಲಯ. ಇದನ್ನು ಓದಿ ಧೈರ್ಯ ಮಾಡುವವರಿದ್ದಾರೆ. ಆದರೆ ದಾವಾ ಹೂಡಿದಾಗ ನ್ಯಾಯಾಲಯಕ್ಕೆ ಅಲೆಯಬೇಕಾದವರು ಮಾರಿದ ಯಜಮಾನರಷ್ಟೇ ಅಲ್ಲ, ತಮ್ಮ ಸಂಬಳದಲ್ಲಿ ಕಂತು ಕಟ್ಟುತ್ತಿರುವ ಆ ಶಿಕ್ಷಕಿಯೂ. ಬ್ಯಾಂಕಿನ ವಕೀಲರು ಕೇಳಿದ್ದು ಅದಕ್ಕೇ.

ನಮ್ಮ ಉದಾಹರಣೆಯಲ್ಲಿ ಅನುಮತಿ ಬಂದಿತೆಂದೇ ಇಟ್ಟುಕೊಳ್ಳೋಣ, ಶರತ್ತುಗಳ ಜೊತೆಗೆ. ಎಫ್‌ಡಿ ರಸೀದಿಯನ್ನು ಲೀನ್ ಗುರುತಿನೊಂದಿಗೆ ನೋಂದಣಿಯಾದ ಏಳು ದಿನದೊಳಗೆ ಒಪ್ಪಿಸಬೇಕು, ಖರೀದಿದಾರರಾಗಲಿ ಬೆಲೆಯಾಗಲಿ ಬದಲಾದರೆ ಹೊಸ ಅರ್ಜಿ ಕೊಡಬೇಕು. ಪತ್ರ ಬರಹಗಾರರು ಕ್ರಯಪತ್ರದಲ್ಲಿ ಅನುಮತಿಯ ನಂಬರು ಮತ್ತು ತಾರೀಖನ್ನು ಒಂದು ಸಾಲಿನಲ್ಲಿ ಸೇರಿಸಿದರು. ಮೂಲ ಆದೇಶ ಶಿಕ್ಷಕಿಯ ಕೈಗೆ ಹೋಯಿತು, ಜೆರಾಕ್ಸು ಯಜಮಾನರ ಬಳಿ ಉಳಿಯಿತು. ಮಾರನೇ ತಿಂಗಳು ಪೋರ್ಟಲ್ ತೆರೆದಾಗ ಬಾಕಿ ಇನ್ನೂ 9,041 ಹೆಚ್ಚಾಗಿತ್ತು.